ಸಂಬಳ ನಿಂತಾಗ ಮನೆ ಸಾಲದ ಕಂತಿಗೆ ಕಾಲಾವಕಾಶ ಕೇಳುವುದು ಹೇಗೆ?

ನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಹೋಗಿದೆ, ಮನೆ ಸಾಲ 10 ಲಕ್ಷ ಬಾಕಿ ಇದೆ ಎಂದುಕೊಳ್ಳಿ. ಬಡ್ಡಿ ಶೇ 9, ಇನ್ನೂ 10 ವರ್ಷದ ಕಂತು ಉಳಿದಿದೆ, ತಿಂಗಳಿಗೆ 12,668 ರೂಪಾಯಿ. ಹೆಂಡತಿಗೆ ಗಾರ್ಮೆಂಟ್ಸ್ ಸಂಬಳ 12,000 ಬರುತ್ತದೆ. ಡೇರಿಗೆ ಹಾಕುವ ಹಾಲಿನ ಬಟವಾಡೆಯಲ್ಲಿ ಹಿಂಡಿ, ಬೂಸಾ ಖರ್ಚು ಕಳೆದು 6,000 ಉಳಿಯುತ್ತದೆ. ಮನೆ ಖರ್ಚು 10,000 ತೆಗೆದರೆ ಕೈಯಲ್ಲಿ 8,000. ಬ್ಯಾಂಕಿಗೆ ಹೋಗುವ ಮೊದಲು ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮ್ಯಾನೇಜರ್ ಎದುರು ನಿಮ್ಮ ಮಾತಿಗೆ ತೂಕ ಬರುವುದು ಇದರಿಂದಲೇ.

ಹೆಚ್ಚಿನವರು ‘ಸಾರ್, ಆರು ತಿಂಗಳು ಬಿಟ್ಟುಬಿಡಿ’ ಎಂದು ಕೇಳುತ್ತಾರೆ. ಹಾಗೆ ಕೇಳಬೇಡಿ. ಈ ಸಾಲಕ್ಕೆ ತಿಂಗಳ ಬಡ್ಡಿಯೇ 7,500. ಆರು ತಿಂಗಳು ಏನೂ ಕಟ್ಟದಿದ್ದರೆ ಆ ಬಡ್ಡಿ ಅಸಲಿಗೆ ಸೇರಿ ಬಾಕಿ ಸುಮಾರು 10,45,850 ಆಗುತ್ತದೆ. ಆಮೇಲೆ ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಉಳಿದ 120 ಕಂತಿನ ಮೇಲೆ ಇನ್ನೂ ಒಂಬತ್ತಕ್ಕಿಂತ ಹೆಚ್ಚು ಕಂತು, ಅಂದರೆ ಸುಮಾರು 1.17 ಲಕ್ಷ ರೂಪಾಯಿ ಬೀಳುತ್ತದೆ. ಅದೇ ಆರು ತಿಂಗಳು ಬರೀ ಬಡ್ಡಿ ಕಟ್ಟಿದರೆ ಖರ್ಚು 45,000ಕ್ಕೆ ಮುಗಿಯುತ್ತದೆ, ಅಸಲು ಬೆಳೆಯುವುದಿಲ್ಲ. ಹಾಗಾಗಿ ‘ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿಕೊಂಡು ಹೋಗ್ತೀನಿ ಸಾರ್, ಅವಧಿಯನ್ನು ಅಷ್ಟೇ ಮುಂದಕ್ಕೆ ಹಾಕಿಕೊಡಿ’ ಎಂದು ಕೇಳಿ. ಬರೀ ಅವಧಿಯನ್ನು 15 ವರ್ಷಕ್ಕೆ ಎಳೆದರೂ ಕಂತು 10,143ಕ್ಕಷ್ಟೇ ಇಳಿಯುತ್ತದೆ. ಈ ಮನೆಗೆ ಅದೂ ಭಾರ. ಮೇಲಾಗಿ ಒಟ್ಟು ಬಡ್ಡಿ 3 ಲಕ್ಷಕ್ಕೂ ಹೆಚ್ಚು ಏರುತ್ತದೆ.

ಕಂತು ತಪ್ಪುವ ಮೊದಲೇ ಹೋಗಿ. ಅರ್ಜಿಯ ಎರಡು ಪ್ರತಿ, ಕೆಲಸದಿಂದ ಬಿಡಿಸಿದ ಪತ್ರ, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಆರು ತಿಂಗಳ ಖಾತೆ ವಿವರ, ಹೆಂಡತಿಯ ಸಂಬಳದ ಮತ್ತು ಡೇರಿ ಬಟವಾಡೆಯ ದಾಖಲೆ ಜೊತೆಗಿರಲಿ. ಸಾಲಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಇಬ್ಬರೂ ಹೋಗಿ. ಅರ್ಜಿಯಲ್ಲಿ ಕೆಲಸ ಹೋದ ದಿನ, ಈಗ ಕಟ್ಟಬಲ್ಲ ಮೊತ್ತ, ಪೂರ್ತಿ ಕಂತು ಮತ್ತೆ ಶುರು ಮಾಡುವ ತಿಂಗಳು, ಈ ಮೂರೂ ಇರಬೇಕು. ಒಪ್ಪಿಗೆ ಕೊಡುವ ಅಧಿಕಾರ ಶಾಖೆಯಲ್ಲಿ ಇಲ್ಲದಿದ್ದರೆ ಮ್ಯಾನೇಜರ್ ಆ ಅರ್ಜಿಯನ್ನೇ ಮೇಲಿನ ಕಚೇರಿಗೆ ಕಳಿಸುತ್ತಾರೆ. ಅಲ್ಲಿ ನಿಮ್ಮ ಪರವಾಗಿ ಮಾತಾಡುವುದು ಅದೊಂದೇ. ಎರಡನೇ ಪ್ರತಿಗೆ ತಾರೀಖು, ಸೀಲು ಹಾಕಿಸಿಕೊಳ್ಳಿ.

ಮ್ಯಾನೇಜರ್ ಹಿಂಜರಿದರೆ ಅದಕ್ಕೆ ಕಾರಣವಿರುತ್ತದೆ. ಸಾಲಗಾರನ ಹಣದ ತೊಂದರೆ ನೋಡಿ ಷರತ್ತು ಸಡಿಲಿಸಿದರೆ, ಸರಿಯಾಗಿ ನಡೆಯುತ್ತಿದ್ದ ಸಾಲವನ್ನೂ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಎಂದು ಗುರುತಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ಸಾಮಾನ್ಯ ನಿಯಮ. ಅದು ಶಾಖೆಗೂ ಕೆಟ್ಟ ಹೆಸರು, ನಿಮ್ಮ ಸಿಬಿಲ್‌ಗೂ ಪೆಟ್ಟು. ಆದ್ದರಿಂದ ‘ಇದನ್ನು ರೀಸ್ಟ್ರಕ್ಚರ್ ಅಂತ ಬರೀತೀರಾ?’ ಎಂದು ಸಹಿ ಹಾಕುವ ಮೊದಲೇ ಕೇಳಿ. ಎರಡು ತಿಂಗಳೊಳಗೆ ಕೆಲಸ ಸಿಗುವುದು ಖಚಿತವಾಗಿದ್ದರೆ ಆ ದಾರಿ ಬೇಡ ಎಂದೇ ನಮ್ಮ ಸಲಹೆ.

ಆಗ ಕಂತು ತಪ್ಪಿದರೂ ಸಾಲ ಎನ್‌ಪಿಎ ಆಗದಂತೆ ನೆನಪಿಡಬೇಕಾದ ಗಡಿ 90 ದಿನ. ಬಾಕಿಯಾದ ಅತಿ ಹಳೆಯ ಕಂತಿನಿಂದ ದಿನ ಎಣಿಸುತ್ತಾರೆ. ಮೂರು ಕಂತು ತಪ್ಪಿದ್ದರೂ 90 ದಿನ ದಾಟುವ ಮೊದಲು ಹಳೆಯ ಒಂದು ಕಂತನ್ನು ಪೂರ್ತಿ ತೀರಿಸಿದರೆ ಎಣಿಕೆ ಎರಡನೇ ಕಂತಿಗೆ ಸರಿಯುತ್ತದೆ, ಸುಮಾರು ಒಂದು ತಿಂಗಳು ಉಸಿರಾಡಲು ಸಿಗುತ್ತದೆ. ಗಡಿ ದಾಟಿ ಎನ್‌ಪಿಎ ಆದ ಮೇಲೆ ಒಂದು ಕಂತು ಕಟ್ಟಿದರೆ ಸಾಲದು. ಬಾಕಿಯೆಲ್ಲ ತೀರಿಸಿದರೆ ಮಾತ್ರ ಖಾತೆ ಮೊದಲಿನ ಸ್ಥಿತಿಗೆ ಬರುತ್ತದೆ.

ಜನ ಎಡವುವುದು ಬಾಯಿಮಾತಿನ ಒಪ್ಪಿಗೆಯಲ್ಲಿ. ಮ್ಯಾನೇಜರ್ ‘ನೋಡೋಣ ಹೋಗಿ’ ಎಂದ ಮಾತ್ರಕ್ಕೆ ಖಾತೆಯಿಂದ ಕಂತು ತಾನಾಗಿ ಕಡಿತವಾಗುವುದು ನಿಲ್ಲುವುದಿಲ್ಲ. ಹಣವಿಲ್ಲದೆ ಕಂತು ಬೌನ್ಸ್ ಆದಾಗಲೆಲ್ಲ ಶುಲ್ಕ ಬೀಳುತ್ತದೆ. ಹೊಸ ಕಂತಿನ ಮೊತ್ತ, ಶುರುವಾಗುವ ತಾರೀಖು, ಸಾಲ ಮುಗಿಯುವ ತಿಂಗಳು ನಮೂದಾದ ಪತ್ರವನ್ನು ಕೇಳಿ ಪಡೆಯಿರಿ. ಕಡಿತದ ಮೊತ್ತವನ್ನೂ ಬದಲಾಯಿಸಿದ್ದಾರೆಯೇ ಎಂದು ಮುಂದಿನ ಕಂತಿಗೆ ಒಂದು ವಾರ ಮೊದಲೇ ವಿಚಾರಿಸಿ.

ಉತ್ತರವೇ ಬರದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆದುಕೊಡಿ. ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ cms.rbi.org.in ಮೂಲಕ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು, ಶುಲ್ಕವಿಲ್ಲ. ಕಾಲಾವಕಾಶ ಕೊಡಲೇಬೇಕೆಂದು ಅವರು ಬ್ಯಾಂಕನ್ನು ಬಲವಂತಪಡಿಸುತ್ತಾರೆ ಎಂದು ನಂಬಿಕೊಳ್ಳಬೇಡಿ. ಅರ್ಜಿಗೆ ಉತ್ತರಿಸದೆ ಕೂತದ್ದು, ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಫೋನ್ ಮಾಡಿ ಕಾಡಿದ್ದು, ಇಂಥವನ್ನು ಅಲ್ಲಿ ಹೇಳಬಹುದು. ಆಗ ಸೀಲು ಹಾಕಿಸಿಕೊಂಡ ಆ ಎರಡನೇ ಪ್ರತಿ ಬೇಕಾಗುತ್ತದೆ.