ಹೋಂಸ್ಟೇ ಮೇಲ್‌ನಲ್ಲಿ ಎಷ್ಟು ಬಾಕಿ ಇತ್ತು? ಎರಡು ಕಾಲಮ್ ಸಾಕು

ಬುಕಿಂಗ್ ಮೇಲ್‌ಗಳನ್ನು ಮನೆಯಲ್ಲಿ ಮೂರ್ನಾಲ್ಕು ಜನ ನೋಡುವವರು ಒಂದು ಶೀಟ್ ಮಾಡಿಕೊಳ್ಳಿ. ಒಂದು ವಿಚಾರಣೆಗೆ ಒಂದೇ ಸಾಲು. B ಕಾಲಮ್‌ನಲ್ಲಿ ಅತಿಥಿಯ ಮೊದಲ ಮೇಲ್ ಬಂದ ದಿನಾಂಕ, ಸಮಯ. C ಕಾಲಮ್‌ನಲ್ಲಿ ನಮ್ಮ ಮೊದಲ ಉತ್ತರದ್ದು. ಉತ್ತರ ಹೋಗಿಲ್ಲದಿದ್ದರೆ C ಖಾಲಿ ಇರಲಿ, ಸೊನ್ನೆ ಹಾಕಬೇಡಿ. F1ನಲ್ಲಿ ನಿಮಗೆ ಬೇಕಾದ ಹೊತ್ತು ಬರೆದು ಇದನ್ನು ಹಾಕಿ:

```
=COUNTIF(B:B,"<="&F1)-COUNTIF(C:C,"<="&F1)
```

ಆ ಹೊತ್ತಿಗೆ ಬಂದದ್ದರಲ್ಲಿ ಉತ್ತರ ಹೋದದ್ದನ್ನು ಕಳೆದರೆ ಉಳಿಯುವುದೇ ಬಾಕಿ, ಅಲ್ವಾ? ಶುಕ್ರವಾರ ರಾತ್ರಿ 9ಕ್ಕೆ 46 ಬಂದು 39ಕ್ಕೆ ಉತ್ತರ ಹೋಗಿದ್ದರೆ ಬಾಕಿ 7. ಹಳೇ ತಾರೀಖು ಹಾಕಿದರೂ ಲೆಕ್ಕ ಸಿಗುತ್ತದೆ. ಉತ್ತರಕ್ಕೆ ಹಿಡಿದ ಸಮಯ C−B. C ಖಾಲಿ ಇರುವ ಸಾಲಿನಲ್ಲಿ ತಪ್ಪು ಸಂಖ್ಯೆ ಬರದಂತೆ D2ನಲ್ಲಿ `=IF(C2="","",C2-B2)` ಹಾಕಿ ಕೆಳಗೆ ಎಳೆಯಿರಿ. ಅದರ ಸರಾಸರಿ ನಂಬಬೇಡಿ, ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆಯನ್ನು, ಅಂದರೆ `MEDIAN` ತೆಗೆಯಿರಿ. 20, 25, 40, 60 ನಿಮಿಷದ ಜೊತೆ ಕರೆಂಟ್ ಹೋದ ಮಳೆರಾತ್ರಿಯ ಒಂದು 14 ಗಂಟೆ ಸೇರಿದರೆ ಸರಾಸರಿ 197 ನಿಮಿಷ, ಮೀಡಿಯನ್ ಬರೀ 40. ಆದರೆ ಖಾಲಿ ಸಾಲುಗಳು ಇದರಲ್ಲಿ ಸೇರುವುದೇ ಇಲ್ಲ. ಕಷ್ಟದ ಮೇಲ್‌ಗಳನ್ನು ಸುಮ್ನೆ ಬಿಟ್ಟರೆ ಮೀಡಿಯನ್ ಚೆಂದ ಕಾಣುತ್ತದೆ, ಬಾಕಿ ಏರುತ್ತಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಿ. ತಾನಾಗಿ ಹೋಗುವ 'ನಿಮ್ಮ ಮೇಲ್ ತಲುಪಿದೆ' ಉತ್ತರವನ್ನು Cಗೆ ಸೇರಿಸಬೇಡಿ. ಫೋನ್‌ನಲ್ಲೇ ಮಾತಾಡಿ ಮುಗಿಸಿದ್ದರೆ ಆ ಹೊತ್ತನ್ನು ಕೈಯಾರೆ ಬರೆಯಿರಿ, ಇಲ್ಲದಿದ್ದರೆ ಅದು ಬಾಕಿಯಾಗಿಯೇ ಕೂರುತ್ತದೆ. ಅತಿಥಿ ಎರಡನೇ ಸಲ ಕೇಳಿ ಕಾಯುತ್ತಿದ್ದರೆ ಈ ಲೆಕ್ಕಕ್ಕೆ ಅದು ಗೊತ್ತಾಗುವುದಿಲ್ಲ.