ಮುಟ್ಟು ನಿಲ್ಲುವ ಕಾಲಕ್ಕೆ ಒಣಗಿದ ಚರ್ಮ: ನಾನು ಬದಲಿಸಿಕೊಂಡದ್ದು

ಧಾರವಾಡದ ಆಸ್ಪತ್ರೆಯೊಂದರ ಚರ್ಮರೋಗ ವಿಭಾಗದಲ್ಲಿ ನಾನು ದಾದಿ. ಮುಟ್ಟು ಏರುಪೇರಾಗತೊಡಗಿದ ಚಳಿಗಾಲದಲ್ಲಿ ನನ್ನ ಮೊಣಕಾಲಿನ ಕೆಳಗೆ ತುರಿಕೆ ಶುರುವಾಯಿತು. ಗುಳ್ಳೆಯಿಲ್ಲ, ಕೆಂಪಿಲ್ಲ, ಉಗುರಿನಿಂದ ಗೀಚಿದರೆ ಬೂದಿಯಂಥ ಬಿಳಿ ಗೆರೆ ಮೂಡುತ್ತಿತ್ತು. ರಾತ್ರಿ ಹೊದಿಕೆಯೊಳಗೆ ಮೈ ಬೆಚ್ಚಗಾದಂತೆ ತುರಿಕೆ ಹೆಚ್ಚುತ್ತಿತ್ತು. ಲಂಗದ ಲಾಡಿ ಕಟ್ಟುವ ಜಾಗದಲ್ಲೂ ಅದೇ ಕಥೆ.

ಮುಟ್ಟು ನಿಲ್ಲುವ ಕಾಲಕ್ಕೆ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜೆನ್ ಇಳಿದಾಗ ಚರ್ಮ ಎಣ್ಣೆಯನ್ನು ಕಡಿಮೆ ಸ್ರವಿಸುತ್ತದೆ, ನೀರನ್ನು ಹಿಡಿದಿಟ್ಟುಕೊಳ್ಳುವ ಮೇಲ್ಪದರದ ಕೊಬ್ಬೂ ಕುಗ್ಗುತ್ತದೆ. ಚರ್ಮಕ್ಕೆ ಗಟ್ಟಿತನ ಕೊಡುವ ಕೊಲಾಜೆನ್ ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಸುಮಾರು 30 ಪ್ರತಿಶತದಷ್ಟು ಕಡಿಮೆಯಾಗಬಹುದು. ಹಿಂದೆ ಏನೂ ಅನ್ನಿಸದಿದ್ದ ಸೋಪು, ಕ್ರೀಮು ಈಗ ಉರಿಯುವುದು, ಗಾಜಿನ ಬಳೆ ತಾಗಿದರೂ ಚರ್ಮ ಸುಲಿಯುವುದು ಇದರಿಂದಲೇ.

ನಾನು ಮೊದಲು ಕೈ ಹಾಕಿದ್ದು ಬಚ್ಚಲಿಗೆ. ನಮ್ಮ ಕಡೆ ಚಳಿಗಾಲದಲ್ಲಿ ಹೊಗೆಯಾಡುವ ನೀರು ಸುರಿದುಕೊಳ್ಳದಿದ್ದರೆ ಸ್ನಾನವೇ ಆಗಲಿಲ್ಲವೆನ್ನುತ್ತಾರೆ. ಆ ಬಿಸಿ ಉಳಿದ ಕೊಬ್ಬನ್ನೂ ತೊಳೆದು ಹಾಕುತ್ತದೆ. ನೀರನ್ನು ಉಗುರುಬೆಚ್ಚಗೆ ಇಳಿಸಿದೆ, ಸ್ನಾನವನ್ನು ಹತ್ತು ನಿಮಿಷದೊಳಗೆ ಮುಗಿಸತೊಡಗಿದೆ. ಸಾಮಾನ್ಯ ಸೋಪಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 9ರಿಂದ 10 ಇರುತ್ತದೆ, ಚರ್ಮದ್ದು 5ರ ಆಸುಪಾಸು. ಹಾಗಾಗಿ ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಕೈಕಾಲಿಗೆ ನೀರಷ್ಟೇ, ಇಲ್ಲವೇ ವಾಸನೆಯಿಲ್ಲದ ಸೌಮ್ಯ ಕ್ಲೆನ್ಸರ್. ಮೈಯುಜ್ಜುವ ಕಲ್ಲು, ಕಡಲೆಹಿಟ್ಟಿನ ತಿಕ್ಕಾಟ ಎರಡನ್ನೂ ನಿಲ್ಲಿಸಿದೆ. ಕಡಲೆಹಿಟ್ಟು ಸಹಜವೆಂಬುದು ನಿಜ, ಆದರೆ ತೆಳುವಾದ ಚರ್ಮಕ್ಕೆ ಅದರ ಉಜ್ಜುವಿಕೆಯೂ ಒರಟೇ.

ಹಚ್ಚುವುದರಲ್ಲಿ ಹೊತ್ತು ಮುಖ್ಯ. ಟವೆಲ್ಲಿನಿಂದ ಒತ್ತಿ ಒರೆಸಿಕೊಂಡು, ಮೈ ಇನ್ನೂ ತೇವವಾಗಿರುವಾಗಲೇ, ಮೂರ್ನಾಲ್ಕು ನಿಮಿಷದೊಳಗೆ ಹಚ್ಚಬೇಕು. ನಮ್ಮ ವಿಭಾಗಕ್ಕೆ ಬಂದಿದ್ದ ಹೆಂಗಸೊಬ್ಬರು, ‘ಸಿಸ್ಟರ್, ಹಚ್ಚಿ ಒಂದು ತಾಸಾಗುವುದರೊಳಗೆ ಮತ್ತೆ ಒಣಗುತ್ತದೆ’ ಎಂದರು. ವಿಚಾರಿಸಿದಾಗ, ಸ್ನಾನ, ಪೂಜೆ, ಅಡುಗೆ ಮುಗಿದ ಮೇಲೆ ಒಣಗಿದ ಕಾಲಿಗೆ ತೆಳುವಾದ ಲೋಷನ್ ಹಚ್ಚುತ್ತಿದ್ದರು. ಕ್ರೀಮಿನ ಡಬ್ಬಿಯನ್ನು ಬಚ್ಚಲ ಬಾಗಿಲ ಬಳಿಯೇ ಇಟ್ಟುಕೊಳ್ಳಿ ಎಂದು ಹೇಳಿದೆ. ನನ್ನದೂ ಅಲ್ಲೇ ಇದೆ. ಗ್ಲಿಸರಿನ್ ಮತ್ತು ಚರ್ಮದ ಕೊಬ್ಬಿನ ಜಾತಿಯ ಸೆರಮೈಡ್ ಇರುವ ದಪ್ಪ ಕ್ರೀಮನ್ನು ಬೆಳಿಗ್ಗೆ ಹಚ್ಚುತ್ತೇನೆ. ರಾತ್ರಿ ಕಾಲಿಗೆ 10 ಪ್ರತಿಶತ ಯೂರಿಯಾ ಇರುವ ಕ್ರೀಮು, ಅದರ ಮೇಲೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಸೀಳಿದ, ಗೀಚಿಕೊಂಡ ಜಾಗಕ್ಕೆ ಯೂರಿಯಾ ಉರಿಯುತ್ತದೆ. ಅದು ಮಾಯುವವರೆಗೆ ಜೆಲ್ಲಿಯಷ್ಟೇ ಸಾಕು. ಕೊಬ್ಬರಿ ಎಣ್ಣೆಯೂ ಒದ್ದೆ ಮೈಗೆ ಹಚ್ಚಿದರೆ ಒಳ್ಳೆಯದೇ, ಆದರೆ ಅದು ಇರುವ ನೀರು ಆರದಂತೆ ತಡೆಯುತ್ತದೆಯೇ ಹೊರತು ಗ್ಲಿಸರಿನ್‌ನಂತೆ ನೀರನ್ನು ಸೆಳೆದು ಹಿಡಿದಿಟ್ಟುಕೊಳ್ಳುವುದಿಲ್ಲ. ಲಾಡಿಯ ಬದಲು ಅಗಲ ಪಟ್ಟಿಯ ಹತ್ತಿ ಲಂಗ ಹೊಲಿಸಿಕೊಂಡೆ. ಕೆಲವು ವಾರಗಳಲ್ಲಿ ರಾತ್ರಿಯ ತುರಿಕೆ ನಿಂತಿತು, ಬಿಳಿ ಗೆರೆ ಮೂಡುವುದೂ ತಪ್ಪಿತು.

ಮುಖಕ್ಕೆ ನಾನು ಕಡಿಮೆ ಮಾಡಿದ್ದೇ ಹೆಚ್ಚು. ಬೆಳಿಗ್ಗೆ ಬರೀ ನೀರಿನಿಂದ ತೊಳೆದು, ಕ್ರೀಮಿನ ಮೇಲೆ ಜಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚುತ್ತೇನೆ. ಮುಖ ಮತ್ತು ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಸುಕ್ಕು ತಗ್ಗಿಸುವ ರೆಟಿನಾಲ್ ಬೇಕೆನ್ನಿಸಿದ್ದು ಚರ್ಮ ಶಾಂತವಾದ ಮೇಲೆ. ವಾರಕ್ಕೆ ಎರಡು ರಾತ್ರಿ, ಬಟಾಣಿ ಕಾಳಿನಷ್ಟು, ಒಣಗಿದ ಮುಖಕ್ಕೆ ಮೊದಲು ಕ್ರೀಮು ಹಚ್ಚಿ ಅದರ ಮೇಲೆ. ಸ್ವಲ್ಪ ಒಣಗುವುದು ಸಹಜ. ಮರುದಿನವೂ ಉರಿ, ಸಿಪ್ಪೆ ಇದ್ದರೆ ಬಿಡಬೇಕು. ಹೊಸದು ಯಾವುದನ್ನಾದರೂ ಮೊಣಕೈ ಒಳಭಾಗಕ್ಕೆ ಒಂದು ವಾರ ಹಚ್ಚಿ ನೋಡಿದ ಮೇಲೆ ಮುಖಕ್ಕೆ ತರುತ್ತೇನೆ. ಅಂಟು ಬಿಂದಿಯ ಗೋಂದಿಗೂ ಈ ವಯಸ್ಸಿನಲ್ಲಿ ಹೊಸದಾಗಿ ಅಲರ್ಜಿ ಬರಬಹುದು. ಹಣೆಯಲ್ಲಿ ಬಿಂದಿಯಷ್ಟೇ ಅಗಲ ತುರಿದರೆ ಅಥವಾ ಬಿಳುಪಾದರೆ ತಕ್ಷಣ ಅದನ್ನು ನಿಲ್ಲಿಸಬೇಕು.

ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ. ತುರಿಕೆಗೆಂದೋ ಬಿಳುಪಿಗೆಂದೋ ಔಷಧ ಅಂಗಡಿಯವರು ಕೇಳಿದ ಕೂಡಲೇ ಕೊಡುವ ಟ್ಯೂಬುಗಳಲ್ಲಿ ಅನೇಕವು ಸ್ಟಿರಾಯ್ಡ್. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರುಗಳು ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿರುತ್ತವೆ. ಮೊದಲ ವಾರ ಆರಾಮ ಕೊಡುತ್ತವೆ, ಬಳಕೆ ಮುಂದುವರಿದರೆ ಮೊದಲೇ ತೆಳುವಾದ ಚರ್ಮ ಇನ್ನಷ್ಟು ತೆಳುವಾಗಿ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ. ವೈದ್ಯರು ಬರೆದುಕೊಟ್ಟರೆ, ಬರೆದಷ್ಟೇ ದಿನ.

ಒಣಗುವಿಕೆ ಸರಿಹೋದರೂ ಮೈಯೆಲ್ಲ ತುರಿಸುತ್ತಿದ್ದರೆ ಮುಟ್ಟು ನಿಲ್ಲುವ ಕಾಲದ ಮೇಲೆ ಹೊರೆಸಿ ಸುಮ್ಮನಾಗಬಾರದು. ಥೈರಾಯ್ಡ್, ಸಕ್ಕರೆ, ಕಬ್ಬಿಣದ ಅಂಶ, ಯಕೃತ್ತು, ಮೂತ್ರಪಿಂಡ ಇವುಗಳ ರಕ್ತಪರೀಕ್ಷೆ ಬೇಕು, ನಾನೂ ಮಾಡಿಸಿಕೊಂಡೆ. ಯೋನಿಯ ಒಣಗುವಿಕೆ, ಉರಿಗೆ ಮೈಗೆ ಹಚ್ಚುವ ಕ್ರೀಮು ಬಳಸಬಾರದು. ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ, ಸ್ತ್ರೀರೋಗ ತಜ್ಞರ ಬಳಿ ಸಂಕೋಚವಿಲ್ಲದೆ ಕೇಳಬೇಕು. ಹಾರ್ಮೋನ್ ಮಾತ್ರೆಯನ್ನು ಚರ್ಮಕ್ಕಾಗಿಯೇ ಯಾರೂ ಶುರು ಮಾಡುವುದಿಲ್ಲ. ಮೈ ಬಿಸಿಯೇರುವುದು, ನಿದ್ದೆಗೆಡುವುದು ಜೋರಾಗಿದ್ದರೆ ಅದರ ಒಳಿತು ಕೆಡುಕನ್ನು ಅವರೇ ಅಳೆದು ಹೇಳುತ್ತಾರೆ.