ಮ್ಯಾಟ್‌ಡಿಪ್ ಮೊದಲು, ಎಂ-3 ಆಮೇಲೆ: ಡಿಪ್ಲೊಮಾದಿಂದ ಬಿಇಗೆ ಬಂದ ನನ್ನ ಅನುಭವ

ಡಿಪ್ಲೊಮಾ ಮುಗಿಸಿ ನೇರ ಬಿಇ ಎರಡನೇ ವರ್ಷಕ್ಕೆ ಬರೋರು ಮೂರನೇ ಸೆಮ್‌ನ ಗಣಿತ ಒಂದೇ ಸಲಕ್ಕೆ ಪಾಸ್ ಮಾಡೋದು ಕಷ್ಟ ಅಂತ ನಮ್ಮ ಕಾಲೇಜಿನಲ್ಲಿ ಸೀನಿಯರ್‌ಗಳು ಹೇಳಿದ್ದರು, ಒಬ್ಬಿಬ್ಬರು ಲೆಕ್ಚರರ್‌ಗಳೂ ಹೇಳಿದ್ದರು. ಆ ಗಣಿತ, ಅಂದರೆ ಎಂ-3, ನಾನು ಒಂದೇ ಸಲಕ್ಕೆ ಪಾಸಾದೆ, ನೂರಕ್ಕೆ ಎಪ್ಪತ್ತರ ಆಸುಪಾಸು ಬಂತು. ಪಿಯುಸಿಯಿಂದ ಬಂದ ಎಷ್ಟೋ ಜನರಿಗಿಂತ ಜಾಸ್ತಿ. ಹೇಗೆ ಅಂತ ಜೂನಿಯರ್‌ಗಳು ಕೇಳುತ್ತಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮೆಕ್ಯಾನಿಕಲ್, ವಿಟಿಯು, 2018ರ ಸ್ಕೀಮ್. ಸ್ಕೀಮ್ ಬದಲಾದರೆ ಕೋಡ್ ಬದಲಾಗುತ್ತದೆ, ಸಿಲಬಸ್ ಕೂಡ ಬದಲಾಗಬಹುದು, ನಿಮ್ಮದನ್ನು ನೋಡಿಕೊಳ್ಳಿ.

ಡಿಸಿಇಟಿ, ಆಪ್ಷನ್ ಎಂಟ್ರಿ ಎಲ್ಲ ನಿಮಗೆ ಗೊತ್ತಿರೋದೇ. ಅರ್ಹತೆಯಲ್ಲಿ ಒಂದು ಮಾತು ಮಾತ್ರ. 45 ಪರ್ಸೆಂಟ್, ಮೀಸಲಾತಿಯವರಿಗೆ 40 ಅನ್ನೋದನ್ನು ಮೂರೂ ವರ್ಷದ ಸರಾಸರಿ ಅಂದುಕೊಂಡು ಹೆದರುವವರು ಬಹಳ. ಕೆಇಎ ನೋಡೋದು ಕೊನೆಯ ವರ್ಷ, ಅಂದರೆ ಐದು ಮತ್ತು ಆರನೇ ಸೆಮ್ ಸೇರಿಸಿ. ನನ್ನ ಮೊದಲ ವರ್ಷದ ಅಂಕ ಹೇಳಿಕೊಳ್ಳುವ ಹಾಗಿರಲಿಲ್ಲ, ಅದು ಎಲ್ಲೂ ಅಡ್ಡ ಬರಲಿಲ್ಲ. ಸೀಟು ಸರ್ಕಾರಿ ಕೋಟಾದಲ್ಲಿ ಸಿಕ್ಕಿತು, ವರ್ಷಕ್ಕೆ ಅರ್ಧ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಫೀಸು. ಕೌನ್ಸೆಲಿಂಗ್ ತಡವಾಗುತ್ತಿದೆ ಅಂತ ಭಯ ಬಿದ್ದು ಮನೆಯವರು ಮ್ಯಾನೇಜ್‌ಮೆಂಟ್ ಸೀಟು ವಿಚಾರಿಸಿದ್ದರು. ಅಲ್ಲಿ ಹೇಳಿದ್ದು ಇದರ ಎರಡೂವರೆ ಪಟ್ಟು. ಕಾದಿದ್ದಕ್ಕೆ ಮೂರು ವರ್ಷದಲ್ಲಿ ಎರಡು ಲಕ್ಷದ ಮೇಲೆ ಉಳಿಯಿತು.

ಇನ್ನು ಕ್ರೆಡಿಟ್ ವಿಷಯ. ಡಿಪ್ಲೊಮಾದಲ್ಲಿ ಓದಿದ್ದು ಸಬ್ಜೆಕ್ಟ್ ಲೆಕ್ಕದಲ್ಲಿ ಬಿಇಗೆ ವರ್ಗ ಆಗುವುದಿಲ್ಲ. ನಮ್ಮ ಸ್ಕೀಮ್‌ನಲ್ಲಿ ಒಟ್ಟು 175 ಕ್ರೆಡಿಟ್. ಮೊದಲ ವರ್ಷದ 40 ನಮಗೆ ಇಲ್ಲ, ಉಳಿದ 135 ಗಳಿಸಬೇಕು. ಆಮೇಲೆ ಬಂದ 2021, 2022ರ ಸ್ಕೀಮ್‌ಗಳಲ್ಲಿ ರೆಗ್ಯುಲರ್‌ನವರಿಗೆ 160, ಡಿಪ್ಲೊಮಾದವರಿಗೆ 120. ನಾನು ಡಿಪ್ಲೊಮಾದಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಚೆನ್ನಾಗಿ ಮಾಡಿದ್ದೆ. ಮೂರನೇ ಸೆಮ್‌ನಲ್ಲಿ ಮೆಕ್ಯಾನಿಕ್ಸ್ ಆಫ್ ಮೆಟೀರಿಯಲ್ಸ್ ಅಂತ ಮತ್ತೆ ಬಂತು. ಲ್ಯಾಬಿನಲ್ಲಾದರೂ ವಿನಾಯಿತಿ ಕೊಡಿ ಅಂತ ಸಿಲಬಸ್ ಪ್ರತಿ, ಅಂಕಪಟ್ಟಿ ಹಿಡಿದುಕೊಂಡು ಆಫೀಸಿಗೆ ಅರ್ಜಿ ಕೊಟ್ಟು ನೋಡಿದೆ. ಆಗಲ್ಲ ಅಂದರು. ಅದು ನಿಯಮವೇ, ಯಾರ ತಪ್ಪೂ ಅಲ್ಲ.

ಇದರಿಂದ ಸಿಜಿಪಿಎ ಮೇಲೆ ಏನಾಗುತ್ತದೆ ನೋಡಿ. ಮೂರನೇ ಸೆಮ್ 24 ಕ್ರೆಡಿಟ್. ರೆಗ್ಯುಲರ್ ಹುಡುಗನಿಗೆ ಅದು 175ರಲ್ಲಿ 24, ಸುಮಾರು 14 ಪರ್ಸೆಂಟ್. ನಮಗೆ 135ರಲ್ಲಿ 24, ಸುಮಾರು 18 ಪರ್ಸೆಂಟ್. ಅವನ ಮೊದಲ ವರ್ಷದ ಒಳ್ಳೆ ಅಂಕ ಅವನನ್ನು ಎತ್ತುತ್ತದೆ, ನಮಗೆ ಆ ಆಸರೆ ಇಲ್ಲ. ಆ ಸೆಮ್‌ಗೇ ನಾವು ತಡವಾಗಿ ಬರುತ್ತೇವೆ. ನಾನು ಸೇರುವಷ್ಟರಲ್ಲಿ ಕ್ಲಾಸು ಶುರುವಾಗಿ ತಿಂಗಳಾಗಿತ್ತು, ಮೊದಲ ಇಂಟರ್ನಲ್ಸ್ ತಲೆ ಮೇಲಿತ್ತು.

ಮೊದಲ ವರ್ಷದ ಗಣಿತವೂ ನಮಗೆ ಬಿಟ್ಟುಹೋಗಿರುತ್ತದೆ. ಅದನ್ನು ತುಂಬೋಕೇ ಬ್ರಿಡ್ಜ್ ಕೋರ್ಸ್ ಇರೋದು, ಮ್ಯಾಟ್‌ಡಿಪ್ ಅನ್ನೋದು ಇದನ್ನೇ. ನಮ್ಮಲ್ಲಿ 18MATDIP31 ಮೂರನೇ ಸೆಮ್‌ಗೆ, 18MATDIP41 ನಾಲ್ಕನೇ ಸೆಮ್‌ಗೆ. ಇವಕ್ಕೆ ಕ್ರೆಡಿಟ್ ಇಲ್ಲ, ಮುಂದಿನ ವರ್ಷಕ್ಕೆ ಹೋಗಲು ತಡೆಯೂ ಇಲ್ಲ. ಆದರೆ ಪಾಸಾಗದಿದ್ದರೆ ಡಿಗ್ರಿ ಇಲ್ಲ. ನಮ್ಮ ಸ್ಕೀಮ್‌ನಲ್ಲಿ ಅಟೆಂಡೆನ್ಸ್ ಬೇಕಿತ್ತು, ಇಂಟರ್ನಲ್ಸ್‌ನಲ್ಲಿ 40ಕ್ಕೆ 16 ಬೇಕಿತ್ತು, ಆಮೇಲೆ ಪರೀಕ್ಷೆ. ಕ್ರೆಡಿಟ್ ಇಲ್ಲ ಅಂದ ತಕ್ಷಣ ಹುಡುಗರು ಮುಂದೂಡುತ್ತಾರೆ. ನನ್ನ ರೂಮ್‌ಮೇಟ್ ಎಂಟನೇ ಸೆಮ್ ಮುಗಿಸಿ, ಕೆಲಸದ ಆಫರ್ ಕೈಯಲ್ಲಿಟ್ಟುಕೊಂಡು, 41 ಒಂದೇ ಬಾಕಿ ಅಂತ ಪರೀಕ್ಷೆಗೆ ಕಾದ. ಪರೀಕ್ಷೆ ಫೀಸು ಕೆಲವು ನೂರು ಅಷ್ಟೇ, ಕಳೆದುಕೊಂಡದ್ದು ಆರೇಳು ತಿಂಗಳ ಸಂಬಳ.

ನಾನು ಮೊದಲು ಮಾಡಿದ್ದು ಎಲ್ಲರ ಹಾಗೆ ಟ್ಯೂಷನ್. ಎಂ-3ಗೆ ಎಂಟು ಸಾವಿರದ ಹತ್ತಿರ ಕೊಟ್ಟೆ. ಅವರು ಲ್ಯಾಪ್ಲಾಸ್‌ನಿಂದ ಸಾಲಾಗಿ ಹೇಳುತ್ತಾ ಹೋದರು. ನಾಲ್ಕನೇ ಸಾಲಿಗೆ ಬಂದಾಗ ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಮೊದಲ ಇಂಟರ್ನಲ್ಸ್ ಹೋಯಿತು. ಆಗ ಕೂತು ಎರಡೂ ಮ್ಯಾಟ್‌ಡಿಪ್ ಸಿಲಬಸ್‌ಗಳನ್ನು ಎಂ-3 ಸಿಲಬಸ್ ಪಕ್ಕ ಇಟ್ಟು ನೋಡಿದೆ. ತೊಂದರೆ ಇದ್ದದ್ದು ಕ್ರಮದಲ್ಲಿ. ಎಂ-3ರಲ್ಲಿ ಲ್ಯಾಪ್ಲಾಸ್ ಬಳಸಿ ಎರಡನೇ ದರ್ಜೆಯ ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸಬೇಕು. ಅಂಥ ಈಕ್ವೇಷನ್ ಅಂದರೇನು ಅಂತ ಬ್ರಿಡ್ಜ್ ಕೋರ್ಸ್ ಹೇಳೋದು 41ರಲ್ಲಿ, ಅಂದರೆ ಮುಂದಿನ ಸೆಮ್‌ನಲ್ಲಿ! 31ರಲ್ಲಿ ಇರೋದು ಮೊದಲ ದರ್ಜೆಯದ್ದು ಮಾತ್ರ.

ಹಾಗಾಗಿ ನಾನು 41ರ ಮೂರನೇ ಮಾಡ್ಯೂಲ್, ಹೈಯರ್ ಆರ್ಡರ್ ಈಕ್ವೇಷನ್, ಮೊದಲು ಓದಿದೆ. ಆಮೇಲೆ 31ರ ಇಂಟಿಗ್ರೇಷನ್. ಅದಾದ ಮೇಲೆ ಪಾರ್ಷಿಯಲ್ ಫ್ರ್ಯಾಕ್ಷನ್ ಒಂದನ್ನೇ ವಾರಗಟ್ಟಲೆ ಬಿಡಿಸಿದೆ. ಈ ಮೂರು ಕೈಗೆ ಬಂದ ಮೇಲೆಯೇ ಎಂ-3 ಪುಸ್ತಕ ತೆರೆದದ್ದು. ಸೆಮ್ ನಡುವೆ ಹಿಂದಕ್ಕೆ ಹೋಗ್ತಿದೀಯಲ್ಲ ಅಂತ ಗೆಳೆಯರು ಬೈದರು.

ಫೋರಿಯರ್ ಸೀರೀಸ್ ತೊಗೊಳ್ಳಿ. −π ಇಂದ π ವರೆಗೆ x². ಇಲ್ಲಿ ಡಿಪ್ಲೊಮಾದವರು ಬೀಳೋದು ಫೋರಿಯರ್‌ನಲ್ಲಿ ಅಲ್ಲ, x² cos nx ಇಂಟಿಗ್ರೇಷನ್‌ನಲ್ಲಿ. ಬೈ ಪಾರ್ಟ್ಸ್ ಎರಡು ಸಲ ಮಾಡುವಾಗ ಚಿಹ್ನೆ ಕೈಕೊಡುತ್ತದೆ. ನಾನು ಎರಡು ಕಾಲಂ ಹಾಕುತ್ತೇನೆ. ಎಡಕ್ಕೆ x² ಡಿಫರೆನ್ಷಿಯೇಟ್ ಮಾಡುತ್ತಾ ಸೊನ್ನೆ ಬರೋವರೆಗೆ, ಬಲಕ್ಕೆ cos nx ಇಂಟಿಗ್ರೇಟ್ ಮಾಡುತ್ತಾ. ಎಡದ ಸಾಲನ್ನು ಬಲದಲ್ಲಿ ಒಂದು ಸಾಲು ಕೆಳಗಿನದರ ಜೊತೆ ಓರೆಯಾಗಿ ಗುಣಿಸಿ, ಚಿಹ್ನೆ +, −, + ಅಂತ ಹಾಕಿದರೆ ಮುಗಿಯಿತು:

```
x²      cos nx
2x      (sin nx)/n
2      −(cos nx)/n²
0      −(sin nx)/n³

x²(sin nx)/n + 2x(cos nx)/n² − 2(sin nx)/n³
```

ಮಿತಿ ಹಾಕಿದಾಗ sin ಇರುವ ಎರಡೂ ಪದ ಸೊನ್ನೆ. ಉಳಿಯೋದು ನಡುವಿನದು, ಅದನ್ನು π ಇಂದ ಭಾಗಿಸಿದರೆ ಉತ್ತರ aₙ = 4(−1)ⁿ/n². ಪೇಪರ್‌ನಲ್ಲಿ ಮೂರು ಸಾಲಿಗಿಂತ ಜಾಸ್ತಿ ಬರೆಯಲಿಲ್ಲ. ಬಲ ಕಾಲಂನಲ್ಲಿ ಕೆಳಗಿನಿಂದ ಪ್ರತಿ ಸಾಲನ್ನೂ ಡಿಫರೆನ್ಷಿಯೇಟ್ ಮಾಡಿ ಅದರ ಮೇಲಿನದು ಬಂತಾ ಅಂತ ನೋಡಿಕೊಳ್ಳಿ, ಚಿಹ್ನೆ ತಪ್ಪಿದ್ದರೆ ಅಲ್ಲೇ ಸಿಗುತ್ತದೆ. ಪಾರ್ಷಿಯಲ್ ಫ್ರ್ಯಾಕ್ಷನ್‌ಗೂ ಇಂಥದ್ದೇ ಒಂದು ಪಟ್ಟಿ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಹಾಕುವುದಿಲ್ಲ, ಎದುರು ಕೂತು ಕಲಿಯುವ ಜೂನಿಯರ್‌ಗಳಿಗೆ ಮಾತ್ರ.

ಇದೇ ಕ್ರಮವನ್ನು ಇಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಇಬ್ಬರು ಹುಡುಗರ ಮೇಲೂ ಮಾಡಿ ನೋಡಿದೆ. ಒಬ್ಬ ಪಾಸಾದ. ಇನ್ನೊಬ್ಬ ತಡವಾಗಿ ಶುರು ಮಾಡಿದ, ಎಂ-3 ಬ್ಯಾಕ್ ಉಳಿಯಿತು, ಆದರೆ ಎರಡೂ ಮ್ಯಾಟ್‌ಡಿಪ್ ಆಗಿಹೋಯಿತು. ಮೂರು ವಾರಕ್ಕಿಂತ ಕಡಿಮೆ ಸಮಯ ಇದ್ದರೆ ಈ ದಾರಿ ಹಿಡಿಯಬೇಡಿ, ಆಗ ಬೈ ಪಾರ್ಟ್ಸ್ ಒಂದನ್ನೇ ಗಟ್ಟಿ ಮಾಡಿ.

ನನಗೆ ಇನ್ನೊಂದು ಲಾಭವೂ ಆಯಿತು. 41ರ ದೊಡ್ಡ ಮಾಡ್ಯೂಲ್ ಮೊದಲೇ ಓದಿದ್ದರಿಂದ ನಾಲ್ಕನೇ ಸೆಮ್‌ನಲ್ಲಿ ಉಳಿದದ್ದು ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಇಂಥವು, ಅವೆಲ್ಲ ಸಲೀಸು. ಹಾಗೇ ಕ್ಲಾಸಿನ ಹೊರಗಿನ ಚಟುವಟಿಕೆಗೆ ಸಿಗೋ ಎಐಸಿಟಿಇ ಆಕ್ಟಿವಿಟಿ ಪಾಯಿಂಟ್ಸ್ ನಮಗೆ ಬೇಕಿರೋದು 100 ಅಲ್ಲ, 75. ನಮ್ಮ ಕಾಲೇಜಿನಲ್ಲಿ ಇದನ್ನು ಹೇಳಿದವರೇ ಇರಲಿಲ್ಲ, ಸುಮ್ನೆ ಜಾಸ್ತಿ ಮಾಡಿ ಭಾನುವಾರಗಳನ್ನು ಕಳೆಯಬೇಡಿ. ಆ ಭಾನುವಾರಗಳನ್ನು ನಾನು 41ಕ್ಕೆ ಹಾಕಿದೆ.